ಮೇಲ್ ತೆರೆದಾಗ ನನ್ನ ಕಣ್ಣು ಹುಡುಕುವ ನಾಲ್ಕು ಸಾಲು

ಪ್ರಶ್ನೆ: ಮೇಡಂ, ನಾನು 2025ರಲ್ಲಿ ಮೆಕ್ಯಾನಿಕಲ್ ಬಿ.ಇ. ಮುಗಿಸಿದ್ದೇನೆ. ಊರು ಹಿರಿಯೂರಿನ ಹತ್ತಿರ. ಪೀಣ್ಯ, ಬೊಮ್ಮಸಂದ್ರ ಕಡೆಯ ಕಂಪನಿಗಳಿಗೆ ಇದುವರೆಗೆ 60ಕ್ಕೂ ಹೆಚ್ಚು ಮೇಲ್ ಕಳಿಸಿದ್ದೇನೆ. ಎರಡೇ ಕಡೆಯಿಂದ ಉತ್ತರ ಬಂತು. ಕವರ್ ಲೆಟರಿನ ಮೊದಲ ಮೂರ್ನಾಲ್ಕು ಸಾಲು ನೋಡಿಯೇ ಮುಂದಕ್ಕೆ ಹೋಗ್ತಾರೆ ಅಂತ ಸೀನಿಯರ್ ಒಬ್ಬರು ಹೇಳಿದರು. ಫ್ರೆಶರ್ ಬರೆದ ಆ ಸಾಲುಗಳಲ್ಲಿ ನೀವು ಏನು ನೋಡ್ತೀರಿ? ನನ್ನ ಲೆಟರ್, ರೆಸ್ಯೂಮೆ ಎರಡನ್ನೂ ಜೊತೆಗಿಟ್ಟಿದ್ದೇನೆ.

ಉತ್ತರ: ನಿಮ್ಮ ಸೀನಿಯರ್ ಹೇಳಿದ್ದು ಹೆಚ್ಚುಕಡಿಮೆ ಸರಿ. ಆದರೆ ನಾನು ಆ ಸಾಲುಗಳನ್ನು ಯಾಕೆ ಓದುತ್ತೇನೆ ಅನ್ನೋದು ಮೊದಲು ಗೊತ್ತಾಗಬೇಕು. ಆಮೇಲೆ ಏನು ಬರೆಯಬೇಕು ಅನ್ನೋದು ಅರ್ಧ ತಾನಾಗಿಯೇ ಹೊಳೆಯುತ್ತದೆ.

ನಾನು 15 ವರ್ಷದಿಂದ ಯಂತ್ರದ ಬಿಡಿಭಾಗ ಮಾಡುವ ಕಂಪನಿಗಳಿಗೆ ಜನ ಹುಡುಕುವ ಕೆಲಸ ಮಾಡುತ್ತಿದ್ದೇನೆ. ಆದರೆ ಕೆಲಸ ಕೊಡುವವಳು ನಾನಲ್ಲ. ಕೊಡುವವರು ಕ್ವಾಲಿಟಿ ಮ್ಯಾನೇಜರ್ ಅಥವಾ ಪ್ರೊಡಕ್ಷನ್ ಹೆಡ್. ಅವರು ದಿನವಿಡೀ ಶಾಪ್ ಫ್ಲೋರ್‌ನಲ್ಲಿ ಇರುತ್ತಾರೆ. ನೂರಾರು ರೆಸ್ಯೂಮೆ ಓದಲು ಅವರಿಗೆ ಪುರುಸೊತ್ತಿಲ್ಲ. ನಾನು ಎಂಟೋ ಹತ್ತೋ ಆರಿಸಿ ಕಳಿಸುತ್ತೇನೆ. ಒಂದೊಂದರ ಮೇಲೂ ಎರಡು ಸಾಲಿನ ಟಿಪ್ಪಣಿ ಬರೆಯುತ್ತೇನೆ: ಇವರು ಯಾರು, ಇವರನ್ನು ಯಾಕೆ ಕರೆಯಬೇಕು. ಆ ಟಿಪ್ಪಣಿ ಇಲ್ಲದೆ ಕಳಿಸಿದರೆ "ಯಾಕಮ್ಮ ಕಳಿಸಿದ್ದೀಯ ಇದನ್ನ?" ಅಂತ ಅಲ್ಲಿಂದಲೇ ಫೋನ್ ಬರುತ್ತದೆ.

ನಿಮ್ಮ ಪತ್ರದ ಮೊದಲ ಸಾಲುಗಳಲ್ಲಿ ನಾನು ಹುಡುಕುವುದು ಆ ಟಿಪ್ಪಣಿಯನ್ನು. ನಿಮ್ಮ ಪರವಾಗಿ ನಾನು ಹೇಳಬಹುದಾದ ಮಾತು ಅಲ್ಲಿ ಸಿಕ್ಕರೆ ಅದನ್ನೇ ಎತ್ತಿ ಮ್ಯಾನೇಜರ್‌ಗೆ ಕಳಿಸುತ್ತೇನೆ. ಸಿಗದಿದ್ದರೆ ರೆಸ್ಯೂಮೆಯಲ್ಲಿ ಹುಡುಕಬೇಕು. ಫ್ರೆಶರ್ ಹುದ್ದೆಗೆ ಒಂದೇ ವಾರದಲ್ಲಿ ಮುನ್ನೂರು ಮೇಲ್ ಬಂದಿರುವಾಗ ಎಲ್ಲರ ರೆಸ್ಯೂಮೆಯಲ್ಲೂ ಹಾಗೆ ಹುಡುಕಲು ಆಗುವುದಿಲ್ಲ.

ಈಗ ನಿಮ್ಮ ಪತ್ರಕ್ಕೆ ಬರೋಣ. ಅದು ಇಂಗ್ಲಿಷಿನಲ್ಲಿದೆ, ಇಂಗ್ಲಿಷಿನಲ್ಲೇ ಇರಬೇಕು. ಇಲ್ಲಿ ಮಾತ್ರ ಅದರ ತಿರುಳನ್ನು ಕನ್ನಡದಲ್ಲಿ ಇಡುತ್ತೇನೆ.

"ಗೌರವಾನ್ವಿತ ಸರ್ ಅಥವಾ ಮೇಡಂ, ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ನನ್ನ ವಿದ್ಯಾರ್ಹತೆಗೆ ಸೂಕ್ತವಾದ ಹುದ್ದೆಯನ್ನು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಶ್ರಮಜೀವಿ, ಬೇಗ ಕಲಿಯುವವನು, ತಂಡದ ಜೊತೆ ಹೊಂದಿಕೊಳ್ಳುವವನು. ಸಂಸ್ಥೆಯ ಬೆಳವಣಿಗೆಯ ಜೊತೆಗೆ ನನ್ನ ಬೆಳವಣಿಗೆಯೂ ಆಗುವಂಥ ಸವಾಲಿನ ಕೆಲಸಕ್ಕಾಗಿ ಎದುರು ನೋಡುತ್ತಿದ್ದೇನೆ."

ಇದನ್ನು ಓದಿದರೆ ನನಗೆ ಹೈಸ್ಕೂಲಿನ ರಜಾ ಅರ್ಜಿ ನೆನಪಾಗುತ್ತದೆ. ಇಂದ, ಇವರಿಗೆ, ಮಾನ್ಯರೇ, ವಿಷಯ, ಆಮೇಲೆ "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ". ನಾವೆಲ್ಲ ಪತ್ರ ಬರೆಯಲು ಕಲಿತದ್ದು ಹಾಗೆ. ಅಲ್ಲಿ ಮೊದಲ ಸಾಲಿನ ಕೆಲಸ ಮರ್ಯಾದೆ ತೋರಿಸುವುದು, ವಿಷಯ ಹೇಳುವುದು ಆಮೇಲೆ. ಹೆಡ್‌ಮಾಸ್ತರರಿಗೆ ನಿಮ್ಮ ಪರಿಚಯ ಇತ್ತು, ಹಾಗಾಗಿ ನಡೆಯಿತು. ನನಗೆ ನಿಮ್ಮ ಪರಿಚಯ ಇಲ್ಲ. ಮೂರು ಸಾಲು ಓದಿ ಮುಗಿಸಿದರೂ ನೀವು ಮೆಕ್ಯಾನಿಕಲ್ ಓದಿದವರಾ, ಸಿವಿಲ್ ಓದಿದವರಾ ಅನ್ನೋದೇ ನನಗೆ ತಿಳಿದಿಲ್ಲ ನೋಡಿ.

"ಗೌರವಾನ್ವಿತ ಸರ್" ಅಂತ ಬರೆದದ್ದು ತಪ್ಪಲ್ಲ. ಅದಕ್ಕಾಗಿ ಯಾರೂ ಪತ್ರ ಬದಿಗಿಡುವುದಿಲ್ಲ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ತೊಂದರೆ ಇರುವುದು ಅದರ ಮುಂದಿನ ಮಾತುಗಳಲ್ಲಿ.

"ಸೂಕ್ತವಾದ ಹುದ್ದೆ" ಅನ್ನೋದನ್ನೇ ತೆಗೆದುಕೊಳ್ಳಿ. ಒಂದೇ ತಿಂಗಳಲ್ಲಿ ನನ್ನ ಬಳಿ ಕ್ವಾಲಿಟಿ, ಪ್ರೊಡಕ್ಷನ್, ಸಿಎನ್‌ಸಿ ಪ್ರೋಗ್ರಾಮಿಂಗ್, ಪರ್ಚೇಸ್ ಹೀಗೆ ನಾಲ್ಕು ಹುದ್ದೆ ಖಾಲಿ ಇರುತ್ತವೆ. ನಾಲ್ಕಕ್ಕೂ ಬೇರೆ ಬೇರೆ ಫೋಲ್ಡರ್, ಬೇರೆ ಬೇರೆ ಮ್ಯಾನೇಜರ್. ಯಾವುದಕ್ಕಾದರೂ ಸರಿ ಅಂತ ಬರೆದರೆ ಜಾಸ್ತಿ ಅವಕಾಶ ಸಿಗುತ್ತದೆ ಅಂತ ನಿಮಗನ್ನಿಸಿರಬಹುದು. ಇಲ್ಲಿ ಆಗುವುದು ಅದಕ್ಕೆ ತದ್ವಿರುದ್ಧ. ಯಾವ ಫೋಲ್ಡರ್‌ಗೆ ಹಾಕಬೇಕು ಅಂತ ನಾನು ಯೋಚಿಸಬೇಕಾದ ಪತ್ರ ಯಾವ ಫೋಲ್ಡರ್‌ಗೂ ಹೋಗದೆ ಉಳಿಯುತ್ತದೆ.

"ಪ್ರತಿಷ್ಠಿತ ಸಂಸ್ಥೆ" ಅಂದ ತಕ್ಷಣ ಈ ಪತ್ರ ಇನ್ನೂ ಐವತ್ತು ಕಡೆ ಹೋಗಿದೆ ಅಂತ ಗೊತ್ತಾಗುತ್ತದೆ. ಕಂಪನಿಯ ಹೆಸರಿರಬೇಕಾದ ಜಾಗದಲ್ಲಿ ಹೊಗಳಿಕೆ ಕೂತಿದೆ. "ಶ್ರಮಜೀವಿ, ಬೇಗ ಕಲಿಯುವವನು" ಅನ್ನೋದು ಸುಳ್ಳಲ್ಲ, ನಿಮ್ಮ ವಿಷಯದಲ್ಲಿ ನಿಜವೇ ಇರಬೇಕು. ಆದರೆ ಅದನ್ನು ಮ್ಯಾನೇಜರ್‌ಗೆ ನಾನು ಹೇಗೆ ಹೇಳಲಿ? "ಸರ್, ಈ ಹುಡುಗ ಶ್ರಮಜೀವಿಯಂತೆ" ಅಂದರೆ "ಯಾರಂದರು?" ಅಂತ ಕೇಳುತ್ತಾರೆ. ಅವನೇ ಅಂದುಕೊಂಡಿದ್ದಾನೆ ಅನ್ನಬೇಕಾಗುತ್ತದೆ.

ಇದರಿಂದ ಎಷ್ಟು ನಷ್ಟವಾಗುತ್ತದೆ ಅನ್ನೋದಕ್ಕೆ ನನಗೇ ಆದ ಒಂದು ಅನುಭವ ಹೇಳುತ್ತೇನೆ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಂಪನಿಯಲ್ಲಿ ಇನ್‌ಸ್ಪೆಕ್ಷನ್ ಹುದ್ದೆಗೆ ಹುಡುಗನೊಬ್ಬ ಇದೇ ಥರದ ಪತ್ರ ಕಳಿಸಿದ್ದ. ನಾನು ಎರಡು ಸಾಲು ಓದಿ ಮುಂದಕ್ಕೆ ಹೋದೆ. ಮೂರು ತಿಂಗಳಾದ ಮೇಲೆ ನಮ್ಮ ಪ್ರೊಡಕ್ಷನ್ ಹೆಡ್ ಅದೇ ಹುಡುಗನನ್ನು ಪರಿಚಯದವರ ಮೂಲಕ ಕರೆಸಿದರು. ಇಂಟರ್‌ವ್ಯೂಗೆ ಅವನು 200 ಪುಟದ ನೋಟ್‌ಬುಕ್ ಹಿಡಿದು ಬಂದಿದ್ದ. ಮಾವನ ಲೇತ್ ಶಾಪಿನಲ್ಲಿ ಎರಡು ಬೇಸಿಗೆ ಅಳೆದ ಪ್ರತಿ ಜಾಬಿನ ಅಳತೆ, ತಾರೀಖು, ಯಾಕೆ ರಿಜೆಕ್ಟ್ ಆಯಿತು ಅನ್ನೋದು ಅದರಲ್ಲಿತ್ತು. ಅವತ್ತೇ ಅವನಿಗೆ ಆಫರ್ ಕೊಟ್ಟರು. ಆಮೇಲೆ ನಾನು ಹಳೆ ಮೇಲ್ ತೆಗೆದು ನೋಡಿದೆ. ಆ ನೋಟ್‌ಬುಕ್ಕಿನ ಒಂದಕ್ಷರವೂ ಪತ್ರದಲ್ಲಿರಲಿಲ್ಲ. ಒಬ್ಬ ಒಳ್ಳೆಯ ಹುಡುಗ ಕೈತಪ್ಪಿ ಹೋಗುತ್ತಿದ್ದ. ಅವತ್ತಿನಿಂದ ಕಾಲೇಜುಗಳಿಗೆ ಹೋದಾಗಲೆಲ್ಲ ಇದನ್ನೇ ಮೊದಲು ಹೇಳುತ್ತೇನೆ.

ಮೇಲ್ ನನ್ನ ಕಣ್ಣಿಗೆ ಹೇಗೆ ಕಾಣುತ್ತದೆ ಅನ್ನೋದನ್ನೂ ತಿಳಿದುಕೊಳ್ಳಿ. ಎಷ್ಟೋ ಮೇಲ್‌ಗಳನ್ನು ನಾನು ಮೊದಲು ನೋಡುವುದು ಫೋನಿನಲ್ಲಿ. ತೆರೆಯುವ ಮುಂಚೆ ಮೂರೇ ಸಂಗತಿ ಕಾಣುತ್ತವೆ: ಕಳಿಸಿದವರ ಹೆಸರು, ಸಬ್ಜೆಕ್ಟ್, ಅದರ ಕೆಳಗೆ ಪತ್ರದ ಮೊದಲ ಕೆಲವು ಪದ. ನಿಮ್ಮದರಲ್ಲಿ ಸಬ್ಜೆಕ್ಟ್ ಜಾಗದಲ್ಲಿ "ರೆಸ್ಯೂಮೆ" ಅಂತಷ್ಟೇ ಇದೆ, ಕೆಳಗೆ "ಗೌರವಾನ್ವಿತ ಸರ್ ಅಥವಾ ಮೇಡಂ, ನಿಮ್ಮ ಪ್ರತಿಷ್ಠಿತ..." ಅಂತ ನಿಂತುಹೋಗಿದೆ. ಅದರ ಮೇಲಿನದೂ ಹಾಗೇ ಇದೆ, ಕೆಳಗಿನದೂ ಹಾಗೇ. ಸಬ್ಜೆಕ್ಟಿನಲ್ಲಿ ಹುದ್ದೆಯ ಹೆಸರು, ಬ್ರಾಂಚ್, ಪಾಸಾದ ವರ್ಷ ಇಷ್ಟು ಬರೆಯಿರಿ. ಕವರ್ ಲೆಟರನ್ನು ಬೇರೆ ಫೈಲ್ ಮಾಡಿ ಲಗತ್ತಿಸಬೇಡಿ, ಮೇಲ್‌ನೊಳಗೇ ಬರೆಯಿರಿ. ಎರಡೆರಡು ಫೈಲ್ ಇದ್ದರೆ ನಾನು ತೆರೆಯುವುದು ರೆಸ್ಯೂಮೆಯನ್ನು ಮಾತ್ರ.

ತೆರೆದ ಮೇಲೆ ನನ್ನ ಮೊದಲ ಪ್ರಶ್ನೆ ತುಂಬಾ ಸಪ್ಪೆಯದು. ಈ ಹುದ್ದೆಗೆ ಇವರು ಆಗುತ್ತಾರಾ? ಬ್ರಾಂಚ್ ಯಾವುದು, ಪಾಸಾದ ವರ್ಷ ಯಾವುದು, ಎಲ್ಲಾ ಸಬ್ಜೆಕ್ಟ್ ಕ್ಲಿಯರ್ ಆಗಿವೆಯಾ, ಎಲ್ಲಿದ್ದಾರೆ, ಯಾವಾಗ ಸೇರಬಹುದು. ಫ್ರೆಶರ್‌ಗಳು ಇದನ್ನು ಕೊನೆಗೆ ಇಡುತ್ತಾರೆ, ರೆಸ್ಯೂಮೆಯಲ್ಲಿ ಹೇಗೂ ಇದೆಯಲ್ಲ ಅಂತ. ಆದರೆ ಮ್ಯಾನೇಜರ್ "2024 ಅಥವಾ 2025ರ ಬ್ಯಾಚ್, ಮೆಕ್ಯಾನಿಕಲ್ ಮಾತ್ರ" ಅಂದಿರುವಾಗ ಆ ಎರಡು ಮಾತು ಮೊದಲ ಸಾಲಿನಲ್ಲೇ ಸಿಕ್ಕರೆ ನಾನು ಎರಡನೇ ಸಾಲನ್ನು ನೆಮ್ಮದಿಯಿಂದ ಓದುತ್ತೇನೆ.

ನೀವು ಹಿರಿಯೂರಿನವರು, ಕಂಪನಿ ಪೀಣ್ಯದಲ್ಲಿದೆ. ಇದು ನಿಮಗೆ ಸಣ್ಣ ವಿಷಯ ಅನ್ನಿಸಬಹುದು. ನನಗೆ ಅಲ್ಲ. ಆಫರ್ ಕೊಟ್ಟ ಮೇಲೆ ರೂಮ್ ಸಿಗಲಿಲ್ಲ, ಮನೆಯಲ್ಲಿ ಒಪ್ಪಲಿಲ್ಲ, ನೈಟ್ ಶಿಫ್ಟ್ ಅಂತ ಗೊತ್ತಿರಲಿಲ್ಲ ಅಂತ ಬಾರದೇ ಉಳಿದವರನ್ನು ಪ್ರತಿ ವರ್ಷ ನೋಡುತ್ತೇನೆ. ಆಗ ಮೊದಲಿಂದ ಹುಡುಕಬೇಕು, ಮ್ಯಾನೇಜರ್ ಮುಂದೆ ಮುಖ ಸಣ್ಣದಾಗುತ್ತದೆ. ಅದಕ್ಕೇ ರೆಸ್ಯೂಮೆಯಲ್ಲಿ ದೂರದ ಊರಿನ ವಿಳಾಸ ಕಂಡಾಗ ಒಂದು ಅನುಮಾನ ಮೂಡುತ್ತದೆ. ಒಂದು ಸಾಲಿನಲ್ಲಿ ಅದನ್ನು ಪರಿಹರಿಸಬಹುದು. ದಾಸರಹಳ್ಳಿಯಲ್ಲಿ ಅಕ್ಕನ ಮನೆಯಲ್ಲಿದ್ದೇನೆ, ಮೂರೂ ಶಿಫ್ಟಿಗೆ ಬರಬಲ್ಲೆ ಅಂದರೆ ಸಾಕು. ಆದರೆ ನಿಜವಾಗಿದ್ದರೆ ಮಾತ್ರ ಬರೆಯಿರಿ.

ಎರಡನೇ ಪ್ರಶ್ನೆಯೇ ಮುಖ್ಯವಾದದ್ದು. ನಾವು ಕೊಡುವ ಕೆಲಸಕ್ಕೆ ಹತ್ತಿರವಾದ ಏನನ್ನಾದರೂ ಇವರು ಕೈಯಾರೆ ಮಾಡಿದ್ದಾರಾ? ಫ್ರೆಶರ್‌ನಿಂದ ನಾನು ಅನುಭವ ಕೇಳುವುದಿಲ್ಲ. ಒಂದೇ ಒಂದು ಘಟನೆ ಸಾಕು. ಅದರಲ್ಲಿ ಏನು ಮಾಡಿದರು, ಎಷ್ಟು ಮಾಡಿದರು, ಏನಾಯಿತು ಅನ್ನೋದು ಕಾಣಬೇಕು.

ನಿಮ್ಮ ರೆಸ್ಯೂಮೆಯ ಎರಡನೇ ಪುಟದ ತಳದಲ್ಲಿ ಒಂದು ಸಾಲಿದೆ: ಶಿವಮೊಗ್ಗದ ಮಾಚೇನಹಳ್ಳಿಯ ಮಷಿನ್ ಶಾಪಿನಲ್ಲಿ ನಾಲ್ಕು ವಾರದ ಇಂಟರ್ನ್‌ಶಿಪ್, ಕ್ವಾಲಿಟಿ ವಿಭಾಗ. ಅಷ್ಟೇ. ಅಲ್ಲಿ ಏನು ಮಾಡಿದಿರಿ ಅಂತ ನಾನು ಮೇಲ್‌ನಲ್ಲಿ ಕೇಳಿದೆ. ನೀವು ಒಂದು ಪುಟ ಬರೆದು ಕಳಿಸಿದಿರಿ. ಓದಿ ನನಗೆ ತುಂಬಾ ಖುಷಿಯಾಯಿತು, ಜೊತೆಗೆ ಸಂಕಟವೂ ಆಯಿತು. ಇಷ್ಟು ಒಳ್ಳೆಯ ಕೆಲಸ ಮಾಡಿ 60 ಪತ್ರದಲ್ಲಿ ಒಂದು ಕಡೆಯೂ ಹೇಳಿಲ್ಲವಲ್ಲ!

ಓದುಗರಿಗೂ ಗೊತ್ತಾಗಲಿ ಅಂತ ಅದನ್ನು ಚಿಕ್ಕದಾಗಿ ಹೇಳುತ್ತೇನೆ. ಆ ಶಾಪಿನಲ್ಲಿ ಸಿಎನ್‌ಸಿ ಲೇತ್ ಮೇಲೆ 20 ಮಿ.ಮೀ. ವ್ಯಾಸದ ಪಿನ್ ಮಾಡುತ್ತಿದ್ದರು. ಅಳತೆ 0.02 ಮಿ.ಮೀ. ಆಚೆ ಈಚೆ ಆಗಬಹುದು, ಅದಕ್ಕಿಂತ ಹೆಚ್ಚು ಹೋದರೆ ರಿಜೆಕ್ಟ್. ಮಧ್ಯಾಹ್ನದ ಹೊತ್ತಿಗೆ ದಪ್ಪ ಪಿನ್‌ಗಳು ಬರುತ್ತಿದ್ದವು. ಸೂಪರ್‌ವೈಸರ್ ನಿಮಗೆ ಮೈಕ್ರೋಮೀಟರ್ ಕೊಟ್ಟು ಪ್ರತಿ ಹತ್ತನೇ ಪಿನ್ ಅಳೆದು ಬರೆದಿಡಲು ಹೇಳಿದರು. ಮೂರು ದಿನ ಅಳೆದಿರಿ, ಒಟ್ಟು 120 ಅಳತೆ. ಅದನ್ನು ಗ್ರಾಫ್ ಹಾಳೆಯ ಮೇಲೆ ಗುರುತು ಹಾಕಿದಾಗ ವ್ಯಾಸ ನಿಧಾನವಾಗಿ ಮೇಲಕ್ಕೇರುವುದು ಕಾಣಿಸಿತು. 150 ಪಿನ್ ದಾಟುವ ಹೊತ್ತಿಗೆ ಅದು ಮೇಲಿನ ಮಿತಿಯ ಹತ್ತಿರ ಬರುತ್ತಿತ್ತು. ಕಾರಣ ಟೂಲ್ ಸವೆಯುವುದು. ಇನ್ಸರ್ಟಿನ ತುದಿ ಸವೆದಷ್ಟೂ ಅದು ಕಡಿಮೆ ಕೊರೆಯುತ್ತದೆ, ಹೊರಗಿನ ವ್ಯಾಸ ದಪ್ಪವಾಗುತ್ತದೆ. ನಿಮ್ಮ ಹಾಳೆ ನೋಡಿ ಆಪರೇಟರ್ ಪ್ರತಿ 100 ಪಿನ್‌ಗೆ ಒಮ್ಮೆ, ಸವೆತಕ್ಕೆ ತಕ್ಕಂತೆ ಯಂತ್ರದಲ್ಲಿ ಟೂಲಿನ ಆಫ್‌ಸೆಟ್ ಸರಿ ಮಾಡಲು ಶುರು ಮಾಡಿದರು.

ಕ್ವಾಲಿಟಿ ಟ್ರೈನಿ ಹುದ್ದೆಗೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಾ? ನಮ್ಮಲ್ಲಿ ಸೇರಿದ ಟ್ರೈನಿ ಮೊದಲ ಆರು ತಿಂಗಳು ಮಾಡುವುದು ಇದೇ ಕೆಲಸವನ್ನು.

ಇದನ್ನು ಪತ್ರದ ಆರಂಭಕ್ಕೆ ತರುವಾಗ ಎರಡು ಕಡೆ ಕಾಲು ಜಾರುವ ಸಂಭವವಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಒಂದು, ದೊಡ್ಡದು ಮಾಡಿ ಹೇಳುವುದು. ನಿಮ್ಮ ಉತ್ತರದ ಕೊನೆಯಲ್ಲಿ "ರಿಜೆಕ್ಷನ್ ಶೇ. 40ರಷ್ಟು ಕಡಿಮೆಯಾಯಿತು" ಅಂತ ಬರೆದಿದ್ದೀರಿ. ಹೇಗೆ ಅಂತ ಕೇಳಿದಾಗ, ಮೊದಲು ದಿನಕ್ಕೆ ಐದು ರಿಜೆಕ್ಟ್ ಆಗುತ್ತಿತ್ತು, ಆಮೇಲೆ ಒಂದು ದಿನ ಮೂರು ಆಯಿತು ಅಂದಿರಿ. ಲೆಕ್ಕ ಸರಿಯೇ ಇದೆ. ಆದರೆ ಒಂದು ದಿನದ ಮೂರು ಪಿನ್ ನಂಬಿಕೊಂಡು ಶೇಕಡಾ ಲೆಕ್ಕ ಹೇಳಿದರೆ ಕ್ವಾಲಿಟಿ ಮ್ಯಾನೇಜರ್ ಇಂಟರ್‌ವ್ಯೂನಲ್ಲಿ ಮೊದಲು ಅದನ್ನೇ ಹಿಡಿಯುತ್ತಾರೆ. ಎಷ್ಟು ದಿನದ ಡೇಟಾ, ಒಟ್ಟು ಎಷ್ಟು ಪೀಸ್, ಬೇರೆ ಏನೂ ಬದಲಾಗಿರಲಿಲ್ಲವಾ ಅಂತ ಕೇಳುತ್ತಾರೆ. ಅಲ್ಲಿ ತಡವರಿಸಿದರೆ ನೀವು ನಿಜವಾಗಿ ಮಾಡಿದ 120 ಅಳತೆಯ ಮೇಲೂ ಅನುಮಾನ ಬರುತ್ತದೆ. ಫ್ರೆಶರ್ ಪತ್ರದಲ್ಲಿ ದುಂಡಗಿನ ಶೇಕಡಾ ಕಂಡರೆ ನಾನೂ ಒಂದು ಕ್ಷಣ ನಿಲ್ಲುತ್ತೇನೆ. 120 ಅಳತೆ, ಮೂರು ದಿನ, ಪ್ರತಿ ಹತ್ತನೇ ಪಿನ್ ಅನ್ನೋ ಲೆಕ್ಕದ ಬಗ್ಗೆ ಹಾಗಾಗುವುದಿಲ್ಲ. ಮಾಡದವರಿಗೆ ಅಂಥ ವಿವರ ಹೊಳೆಯುವುದೇ ಕಷ್ಟ.

ಇನ್ನೊಂದು, ಮಾಡಿದ್ದರ ಬದಲು ಕಲಿತ ಪದಗಳನ್ನು ಜೋಡಿಸುವುದು. "ಲೀನ್, ಸಿಕ್ಸ್ ಸಿಗ್ಮಾ, ಸೆವೆನ್ ಕ್ಯೂಸಿ ಟೂಲ್ಸ್, ಎಸ್‌ಪಿಸಿ ಜ್ಞಾನ ಹೊಂದಿದ್ದೇನೆ" ಅಂತ ಶುರುವಾಗುವ ಪತ್ರ ಎಷ್ಟೋ ಬರುತ್ತವೆ. ಒಂದೇ ಕಾಲೇಜಿನ ಎಂಟು ಹತ್ತು ಜನರಿಂದ ಅದೇ ಸಾಲು, ಅದೇ ಕಾಮಾ ಸಮೇತ ಬಂದದ್ದೂ ಇದೆ. ಯಾರೋ ಸೀನಿಯರ್‌ನ ಪತ್ರ ಎಲ್ಲರ ಕೈಗೂ ಹೋಗಿರುತ್ತದೆ. ಪದಗಳು ರೆಸ್ಯೂಮೆಯಲ್ಲಿ ಇರಲಿ, ಅಲ್ಲಿ ಅವಕ್ಕೆ ಕೆಲಸವಿದೆ. ಪೋರ್ಟಲ್‌ಗಳಲ್ಲಿ ನಾವು ಆ ಪದ ಹಾಕಿಯೇ ಹುಡುಕುತ್ತೇವೆ. ಪತ್ರದ ಆರಂಭದಲ್ಲಿ ಮಾತ್ರ ಗ್ರಾಫ್ ಹಾಳೆಯ ಮೇಲೆ ಗುರುತು ಹಾಕಿದ ಕಥೆ ಬರಲಿ. ಅದನ್ನು ಓದಿದ ಮ್ಯಾನೇಜರ್ "ರನ್ ಚಾರ್ಟ್ ಮಾಡಿದ್ದಾನೆ" ಅಂತ ತಾವೇ ಹೇಳುತ್ತಾರೆ.

ಮೂರನೇ ಪ್ರಶ್ನೆ, ಇಲ್ಲಿಗೇ ಯಾಕೆ. ಇದಕ್ಕೆ ಜಾಸ್ತಿ ಬರೆಯಬೇಕಾಗಿಲ್ಲ. ಕಂಪನಿಯ ವೆಬ್‌ಸೈಟ್ ನೋಡಿ "ನಿಮ್ಮ ಗುಣಮಟ್ಟದ ಬದ್ಧತೆ ನನಗೆ ಸ್ಫೂರ್ತಿ" ಅಂತ ಬರೆಯಬೇಡಿ, ಅದು ಯಾರಿಗೆ ಬೇಕಾದರೂ ಬರೆಯಬಹುದಾದ ಮಾತು. ಜಾಹೀರಾತನ್ನು ಎರಡು ಸಲ ನಿಧಾನವಾಗಿ ಓದಿ. ನೀವು ಕಳಿಸಿದ ಪೀಣ್ಯದ ಜಾಹೀರಾತಿನಲ್ಲಿ "ಇನ್-ಪ್ರೋಸೆಸ್ ಇನ್‌ಸ್ಪೆಕ್ಷನ್, ಟರ್ನ್ಡ್ ಕಾಂಪೊನೆಂಟ್ಸ್, ಮೂರು ಶಿಫ್ಟ್" ಅಂತಿದೆ. ಅಂದರೆ ಯಂತ್ರ ಓಡುತ್ತಿರುವಾಗಲೇ ಪಕ್ಕದಲ್ಲಿ ನಿಂತು ಪೀಸ್ ಅಳೆಯುವ ಕೆಲಸ. ನೀವು ಮಾಚೇನಹಳ್ಳಿಯಲ್ಲಿ ಮಾಡಿದ್ದೂ ಅದನ್ನೇ. ಇವೆರಡನ್ನು ಒಂದೇ ಸಾಲಿನಲ್ಲಿ ಕೂಡಿಸಿದರೆ ಇಲ್ಲಿಗೇ ಯಾಕೆ ಅನ್ನೋದಕ್ಕೆ ಉತ್ತರ ಸಿಕ್ಕಿತು.

ಈಗ ನಿಮ್ಮ ಆರಂಭವನ್ನು ಹೊಸದಾಗಿ ಕಟ್ಟೋಣ. ಇಂಗ್ಲಿಷಿಗೆ ನೀವೇ ಹಾಕಿಕೊಳ್ಳಿ, ಸಣ್ಣ ಸಣ್ಣ ವಾಕ್ಯಗಳಲ್ಲಿ:

"ನಮಸ್ತೆ ಮೇಡಂ. ಪೀಣ್ಯ ಘಟಕದ ಕ್ವಾಲಿಟಿ ಟ್ರೈನಿ ಹುದ್ದೆಗೆ ಅರ್ಜಿ ಹಾಕುತ್ತಿದ್ದೇನೆ. ನಾನು ಮೆಕ್ಯಾನಿಕಲ್ ಬಿ.ಇ., 2025ರ ಬ್ಯಾಚ್, ಎಲ್ಲಾ ವಿಷಯ ಪಾಸಾಗಿದೆ. ಮಾಚೇನಹಳ್ಳಿಯ ಮಷಿನ್ ಶಾಪಿನಲ್ಲಿ ಇಂಟರ್ನ್‌ಶಿಪ್ ಮಾಡುವಾಗ 20 ಮಿ.ಮೀ. ಪಿನ್‌ಗಳನ್ನು ಯಂತ್ರದ ಪಕ್ಕದಲ್ಲೇ ಮೈಕ್ರೋಮೀಟರ್‌ನಲ್ಲಿ ಅಳೆದೆ. ಮೂರು ದಿನ, ಪ್ರತಿ ಹತ್ತನೇ ಪಿನ್, 120 ಅಳತೆ. ಟೂಲ್ ಸವೆದಂತೆ ವ್ಯಾಸ ಏರುವುದು ಗ್ರಾಫ್‌ನಲ್ಲಿ ಕಂಡಿತು. ಅದನ್ನು ನೋಡಿ ಆಪರೇಟರ್ ಪ್ರತಿ 100 ಪಿನ್‌ಗೆ ಆಫ್‌ಸೆಟ್ ಕೊಡಲು ಶುರು ಮಾಡಿದರು. ನಿಮ್ಮ ಜಾಹೀರಾತಿನ ಇನ್-ಪ್ರೋಸೆಸ್ ಇನ್‌ಸ್ಪೆಕ್ಷನ್ ಇದೇ ಥರದ ಕೆಲಸವಾದ್ದರಿಂದ ಬರೆಯುತ್ತಿದ್ದೇನೆ. ದಾಸರಹಳ್ಳಿಯಲ್ಲಿದ್ದೇನೆ, ಮೂರೂ ಶಿಫ್ಟಿಗೆ ಬರಬಲ್ಲೆ, ತಕ್ಷಣ ಸೇರಬಲ್ಲೆ."

ಇದು ಬಂದಿದ್ದರೆ ನಾನು ಮ್ಯಾನೇಜರ್‌ಗೆ ಏನು ಬರೆಯುತ್ತಿದ್ದೆ ಗೊತ್ತಾ? "ಮೆಕ್ಯಾನಿಕಲ್, 2025. ಟರ್ನಿಂಗ್ ಲೈನ್ ಪಕ್ಕ ನಿಂತು ಅಳೆದಿದ್ದಾನೆ, ಟೂಲ್ ವೇರ್ ಟ್ರೆಂಡ್ ಹಿಡಿದಿದ್ದಾನೆ. ಶಿಫ್ಟಿಗೆ ರೆಡಿ, ದಾಸರಹಳ್ಳಿ. ಗುರುವಾರ ಕರೆಯಲಾ?" ಟಿಪ್ಪಣಿಯ ಪ್ರತಿ ಮಾತೂ ನಿಮ್ಮ ಪತ್ರದಿಂದಲೇ ಬಂತು. ನಾನು ರೆಸ್ಯೂಮೆ ತೆರೆಯುವ ಮುಂಚೆಯೇ ಬಂತು.

"ಅದನ್ನು ನೋಡಿ ಆಪರೇಟರ್ ಶುರು ಮಾಡಿದರು" ಅನ್ನೋ ಮಾತನ್ನು ಬೇಕೆಂದೇ ಹಾಗಿಟ್ಟಿದ್ದೇನೆ. "ನಾನು ಸಮಸ್ಯೆ ಬಗೆಹರಿಸಿದೆ" ಅಂತ ಬರೆಯಬಹುದಿತ್ತು. ಆದರೆ ಆಫ್‌ಸೆಟ್ ಮುಟ್ಟಲು ಇಂಟರ್ನ್‌ಗೆ ಯಾರೂ ಬಿಡುವುದಿಲ್ಲ, ಅದು ಮ್ಯಾನೇಜರ್‌ಗೆ ಗೊತ್ತು. ಯಾರು ಏನು ಮಾಡಿದರು ಅನ್ನೋದನ್ನು ಸರಿಯಾಗಿ ಹಂಚಿ ಬರೆದ ಪತ್ರ ಓದಿದರೆ ಈ ಹುಡುಗ ಶಾಪ್ ಫ್ಲೋರ್ ನಿಜವಾಗಿ ನೋಡಿದ್ದಾನೆ ಅಂತ ಗೊತ್ತಾಗುತ್ತದೆ.

ನಿಮ್ಮ ಹಳೆಯ ಪತ್ರದ ನಾಲ್ಕನೇ ಸಾಲಿನಲ್ಲಿ ಇನ್ನೊಂದು ಮಾತಿತ್ತು. ತಂದೆಯವರಿಗೆ ಹುಷಾರಿಲ್ಲ, ಮನೆಯ ಜವಾಬ್ದಾರಿ ನಿಮ್ಮ ಮೇಲಿದೆ, ದಯವಿಟ್ಟು ಅವಕಾಶ ಕೊಡಿ ಅಂತ. ಇಂಥ ಸಾಲು ನನಗೆ ತುಂಬಾ ಬರುತ್ತವೆ, ಒಂದನ್ನೂ ಹಗುರಾಗಿ ಓದಿಲ್ಲ. ಆದರೆ ಅದನ್ನು ನಾನು ಟಿಪ್ಪಣಿಗೆ ಎತ್ತಿಕೊಳ್ಳಲು ಆಗುವುದಿಲ್ಲ. ಕಷ್ಟ ನೋಡಿ ಆರಿಸಿದರೆ, ಕಷ್ಟ ಹೇಳಿಕೊಳ್ಳದ ಇನ್ನೊಬ್ಬರಿಗೆ ಅನ್ಯಾಯವಾಗುತ್ತದೆ. ಮನೆಯ ಕಾರಣಕ್ಕೆ ಒಂದು ವರ್ಷ ಖಾಲಿ ಹೋಗಿದ್ದರೆ ಮಾತ್ರ ಹೇಳಿ. ಅದೂ ಮೊದಲ ಸಾಲುಗಳಲ್ಲಿ ಬೇಡ, ಪತ್ರದ ಕೊನೆಗೆ ಒಂದೇ ವಾಕ್ಯದಲ್ಲಿ. ನಿಮ್ಮ ವಿಷಯದಲ್ಲಿ ಅದರ ಅಗತ್ಯವೇ ಇಲ್ಲ.

ಇಂಗ್ಲಿಷ್ ಬಗ್ಗೆ ನಿಮಗೆ ಭಯವಿದೆ ಅನ್ನೋದು ಪತ್ರ ನೋಡಿದರೇ ತಿಳಿಯುತ್ತದೆ. ಉದ್ದುದ್ದ ವಾಕ್ಯಗಳನ್ನು ಎಲ್ಲಿಂದಲೋ ತಂದು ಹಾಕಿದ್ದೀರಿ. ಶಾಪ್ ಫ್ಲೋರ್ ಹುದ್ದೆಗೆ ನಾನು ವ್ಯಾಕರಣ ತಿದ್ದುತ್ತಾ ಕೂರುವುದಿಲ್ಲ. ಎಲ್ಲೋ ಒಂದು "the" ಬಿಟ್ಟುಹೋದರೆ ಏನೂ ಆಗುವುದಿಲ್ಲ. ಆಗುವುದು ಬೇರೆ ಕಡೆ. ನಮ್ಮ ಪತ್ರದಲ್ಲಿ ಪಕ್ಕದ ಕಂಪನಿಯ ಹೆಸರು ಉಳಿದುಬಿಟ್ಟಿದ್ದರೆ, ಹುದ್ದೆಯ ಹೆಸರು ತಪ್ಪಿದ್ದರೆ, ಫೋನ್ ನಂಬರಿನಲ್ಲಿ ಒಂಬತ್ತೇ ಅಂಕಿ ಇದ್ದರೆ. ನಕಲು ಮಾಡಿ ಬೇಗ ಬೇಗ ಕಳಿಸಿದಾಗ ಇದೆಲ್ಲ ಆಗುತ್ತದೆ. ದಿನಕ್ಕೆ ಹತ್ತು ಕಳಿಸುವ ಬದಲು ಎರಡು ಕಳಿಸಿ. ಮಾಚೇನಹಳ್ಳಿಯ ಭಾಗ ಹಾಗೇ ಇರಲಿ, ಹುದ್ದೆಯ ಸಾಲು ಮತ್ತು ಜಾಹೀರಾತಿನ ಸಾಲು ಪ್ರತಿ ಸಲ ಹೊಸದಾಗಿ ಬರೆಯಿರಿ. ಒಂದಕ್ಕೆ ಇಪ್ಪತ್ತು ನಿಮಿಷ ಹಿಡಿಯಬಹುದು.

ನಿಮ್ಮ ಗೆಳೆಯರಲ್ಲಿ ಕೆಲವರು "ನಮ್ಮ ಇಂಟರ್ನ್‌ಶಿಪ್ ಹೆಸರಿಗೆ ಮಾತ್ರ, ಸರ್ಟಿಫಿಕೇಟ್ ಒಂದು ಸಿಕ್ಕಿದೆ" ಅನ್ನಬಹುದು. ಅವರಿಗೂ ದಾರಿ ಇದೆ. ಪುರಾವೆ ಕಾಲೇಜಿನಿಂದಲೇ ಬರಬೇಕು ಅಂತೇನಿಲ್ಲ. ಬೋರ್‌ವೆಲ್ ಮೋಟಾರ್ ರಿಪೇರಿ ಅಂಗಡಿಯಲ್ಲಿ ರಜೆಯಲ್ಲಿ ಕೂತಿದ್ದರೆ ಯಾವ ಮೋಟಾರ್, ಯಾಕೆ ಸುಟ್ಟಿತ್ತು, ಹೇಗೆ ಕಂಡುಹಿಡಿದಿರಿ ಅನ್ನೋದನ್ನು ಬರೆಯಬಹುದು. ಮೇಂಟೆನೆನ್ಸ್ ಟ್ರೈನಿ ಹುದ್ದೆಗೆ ಅದು ಎಷ್ಟೋ ಆನ್‌ಲೈನ್ ಸರ್ಟಿಫಿಕೇಟ್‌ಗಿಂತ ಮೇಲು. ಫೈನಲ್ ಇಯರ್ ಪ್ರಾಜೆಕ್ಟಿನಲ್ಲಿ ನಾಲ್ಕು ಜನ ಇದ್ದರೆ, ನಿಮ್ಮ ಪಾಲಿನ ಕೆಲಸ ಯಾವುದು ಅನ್ನೋದನ್ನಷ್ಟೇ ಹೇಳಿ. ಏನೂ ಇಲ್ಲ ಅನ್ನೋದಾದರೆ ಸರ್ಕಾರಿ ತರಬೇತಿ ಕೇಂದ್ರವಾದ ಜಿಟಿಟಿಸಿಯಂಥ ಕಡೆ ಅಳತೆ ಉಪಕರಣ ಅಥವಾ ಸಿಎನ್‌ಸಿ ಮೇಲೆ ಒಂದು ಚಿಕ್ಕ ಕೋರ್ಸ್ ಮಾಡಿ, ಅಲ್ಲಿ ಕೈಯಾರೆ ಮಾಡಿದ ಒಂದು ಜಾಬಿನ ವಿಷಯ ಬರೆಯಿರಿ. ಸರ್ಟಿಫಿಕೇಟಿನ ಹೆಸರು ಬರೆದು ನಿಲ್ಲಿಸಬೇಡಿ.

ಇದೆಲ್ಲ ಕೆಲಸ ಮಾಡದ ಜಾಗವೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ಟಿಸಿಎಸ್‌ನ ಎನ್‌ಕ್ಯೂಟಿ ಥರ ಪರೀಕ್ಷೆ ಇಟ್ಟು ದೊಡ್ಡ ಸಂಖ್ಯೆಯಲ್ಲಿ ಫ್ರೆಶರ್‌ಗಳನ್ನು ಆರಿಸುವ ಕಡೆ ಪತ್ರಕ್ಕೆ ಪಾತ್ರವೇ ಇಲ್ಲ, ಮೊದಲು ನೋಡುವುದು ಅಂಕವನ್ನು. ಜಾಹೀರಾತಿನಲ್ಲಿ ಎರಡು ವರ್ಷದ ಅನುಭವ ಕಡ್ಡಾಯ ಅಂತಿದ್ದರೆ ಎಷ್ಟು ಚೆನ್ನಾಗಿ ಬರೆದರೂ ನಾನು ಮುಂದಕ್ಕೆ ಕಳಿಸಲಾರೆ. ಮೊದಲ ಸಾಲುಗಳಿಗೆ ಬಲ ಬರುವುದು ಮಧ್ಯಮ ಮತ್ತು ಸಣ್ಣ ಕಂಪನಿಗಳಲ್ಲಿ, ಮೇಲ್ ತೆರೆದು ಓದುವ ಒಬ್ಬ ಮನುಷ್ಯರು ಇರುವ ಕಡೆ. ಪೀಣ್ಯ, ಬೊಮ್ಮಸಂದ್ರದಲ್ಲಿ ಅಂಥವೇ ಹೆಚ್ಚು.

ಹೊಸ ಆರಂಭ ಸರಿಹೋಗಿದೆಯಾ ಅಂತ ತಿಳಿಯಲು ಬರುವ ಫೋನ್‌ಗಳ ಮೊದಲ ಪ್ರಶ್ನೆಯನ್ನು ಗಮನಿಸಿ. "ಯಾವ ಬ್ರಾಂಚ್? ಯಾವ ಹುದ್ದೆಗೆ ಹಾಕಿದ್ರಿ?" ಅಂತ ಕೇಳಿದರೆ ಸಾಲುಗಳು ಇನ್ನೂ ಮಸುಕಾಗಿವೆ. "ಆ ಪಿನ್ ಅಳೆದದ್ದು ಹೇಗೆ?" ಅಂತ ಕೇಳಿದರೆ ಅವು ತಲುಪಬೇಕಾದ ಕಡೆ ತಲುಪಿವೆ.

ಆ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೇ ಕಳಿಸುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಮೊದಲ ಉತ್ತರದಲ್ಲಿ ಒಂದು ಕಡೆ ಮೈಕ್ರೋಮೀಟರ್ ಅಂತ, ಇನ್ನೊಂದು ಕಡೆ ವರ್ನಿಯರ್ ಅಂತ ಬರೆದಿದ್ದೀರಿ. ಸಾಮಾನ್ಯ ವರ್ನಿಯರ್‌ನ ಲೀಸ್ಟ್ ಕೌಂಟ್, ಅಂದರೆ ಅದು ತೋರಿಸಬಲ್ಲ ಅತಿ ಸಣ್ಣ ಅಳತೆ, 0.02 ಮಿ.ಮೀ. ನಿಮ್ಮ ಪಿನ್‌ಗೆ ಬಿಟ್ಟಿದ್ದ ಸಡಿಲವೇ 0.02 ಆಚೆ ಈಚೆ. ಅಂಥ ಅಳತೆಯನ್ನು ವರ್ನಿಯರ್‌ನಲ್ಲಿ ತೆಗೆದೆ ಅಂದರೆ ಕ್ವಾಲಿಟಿಯವರು ಒಪ್ಪುವುದಿಲ್ಲ. ಮಾಚೇನಹಳ್ಳಿಯ ಸೂಪರ್‌ವೈಸರ್‌ಗೆ ಇವತ್ತೇ ಒಂದು ಫೋನ್ ಮಾಡಿ. ಯಾವ ಉಪಕರಣ, ಅದರ ಲೀಸ್ಟ್ ಕೌಂಟ್ 0.01 ಇತ್ತಾ 0.001 ಇತ್ತಾ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಅಳತೆ ಬರೆದ ಹಾಳೆ ಅವರ ಬಳಿ ಇನ್ನೂ ಇದ್ದರೆ ಹೆಸರು ಕಾಣದಂತೆ ಒಂದು ಫೋಟೋ ತೆಗೆದು ಕೊಡಬಹುದಾ ಅಂತಲೂ ಕೇಳಿ. ಕೊಡುವುದಿಲ್ಲ ಅಂದರೆ ಒತ್ತಾಯಿಸಬೇಡಿ, ಅದು ಅವರ ಗ್ರಾಹಕರ ಪಾರ್ಟ್. ಪೀಣ್ಯದ ಜಾಹೀರಾತಿಗೆ ಕೊನೆಯ ದಿನ ಶನಿವಾರ. ಶುಕ್ರವಾರ ಬೆಳಗ್ಗೆಯೊಳಗೆ ಕಳಿಸಿಬಿಡಿ.